ಪೂರ್ಣಪ್ರಾಸವೋ ಅರೆಪ್ರಾಸವೋ? ಈ ಹನ್ನೆರಡು ಸಾಲಿನ ಪ್ರಾಸ ಜೋಡಿಗಳನ್ನು ಹೇಗೆ ಓದಬೇಕು?

ಸಂಜೆಮಲ್ಲಿಗೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ನಮ್ಮ ಓದುಗರ ಗುಂಪಿಗೆ ಮಂಡ್ಯ ಕಡೆಯ ಸದಸ್ಯರೊಬ್ಬರು ಒಂದು ಪದ್ಯ ಕೊಟ್ಟಿದ್ದಾರೆ. ಇಲ್ಲಿ ಹಾಕಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಅಂದರು.

ರಾತ್ರಿ ಬಿದ್ದ ಮೊದಲ ಮಳೆ
ಬೆಳಗೆ ಕರೆದ ಬಿಸಿಯ ಹಾಲು
ಅವ್ವ ಕಿತ್ತ ಗದ್ದೆ ಕಳೆ
ಕೆಸರೊಳಿಟ್ಟ ಮಗನ ಕಾಲು

ಬಸ್ಸು ಹತ್ತಿ ಹೊರಟ ಮಗ
ಹಿಂದೆ ಉಳಿದ ಸಣ್ಣ ಊರು
ಕಿಟಕಿಯಾಚೆ ಅವಳ ಮೊಗ
ಮಣ್ಣು ಬಿಡದ ಗರಿಕೆ ಬೇರು

ತಿಂಗಳೊಮ್ಮೆ ಬರುವ ಹಣ
ಕಾದು ಆರಿ ಹೋದ ಹಾಲು
ಮಾರಿ ಬಿಟ್ಟ ಜೋಡಿ ದನ
ನಾಟಿ ಇರದ ಗದ್ದೆ ಸಾಲು

ಗುಂಪಿನಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷ ಹೇಳುವುದು, ಮೂರು ಪದ್ಯಭಾಗದಲ್ಲೂ ಪ್ರಾಸ ಸರಿಯಾಗೇ ಇದೆ, ಒಂದು ಬಿಟ್ಟು ಒಂದು ಸಾಲು ಕೂಡುತ್ತದೆ, ಅಲ್ಲಿಗೆ ಮಾತು ಮುಗಿಯಿತು ಅಂತ. ಇನ್ನೊಂದು ಪಕ್ಷಕ್ಕೆ ಎರಡನೇ ಭಾಗದಲ್ಲಿ ಪ್ರಾಸ ತಪ್ಪಿದೆ, ತಿದ್ದಿ ಕೊಡಬೇಕು ಅನ್ನಿಸಿದೆ. ನನ್ನ ಕಿವಿಗೂ ಎರಡನೇ ಭಾಗ ಸ್ವಲ್ಪ ಬೇರೆ ಕೇಳುತ್ತದೆ. ಆದರೆ ಎಲ್ಲಿ, ಎಷ್ಟು, ಯಾಕೆ ಅಂತ ಹೇಳಲು ಆಗುತ್ತಿಲ್ಲ. ಪೂರ್ಣಪ್ರಾಸ, ಅರೆಪ್ರಾಸ ಅಂತ ಬೇರೆ ಮಾಡಲು ಕನ್ನಡದಲ್ಲಿ ನಂಬಬಹುದಾದ ಒಂದು ಕ್ರಮ ಇದೆಯಾ? ಬೇರೆ ಮಾಡಿದ ಮೇಲೆ ಅದರಿಂದ ಅರ್ಥ ತೆಗೆಯುವುದು ಹೇಗೆ?

ತೊಣ್ಣೂರು ಕಿಟ್ಟಿ (ಪಾಂಡವಪುರ)

ಮೇಡಂ, ಇದರಲ್ಲಿ ಗೊಂದಲ ಪಡುವಂಥದ್ದು ಏನಿಲ್ಲ. ಕನ್ನಡದ ಪ್ರಾಸ ವ್ಯಂಜನದ ಮೇಲೆ ನಿಂತಿರೋದು, ಸ್ವರದ ಮೇಲಲ್ಲ. ನಾಗವರ್ಮನ ಛಂದೋಂಬುಧಿಯಲ್ಲಿ ಆರು ಪ್ರಾಸ ಹೇಳಿದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಬಂದರೆ ಸಿಂಹ, ದೀರ್ಘ ಬಂದರೆ ಗಜ. ಯಾವ ಹ್ರಸ್ವ, ಯಾವ ದೀರ್ಘ ಅಂತ ಕೇಳೋದೇ ಇಲ್ಲ. ‘ಮಗ’, ‘ಮೊಗ’ ಎರಡರಲ್ಲೂ ಹ್ರಸ್ವದ ಮೇಲೆ ಗಕಾರ, ಸಿಂಹಪ್ರಾಸ. ‘ಊರು’, ‘ಬೇರು’ ಎರಡರಲ್ಲೂ ದೀರ್ಘದ ಮೇಲೆ ರಕಾರ, ಗಜಪ್ರಾಸ. ಎರಡೂ ಪೂರ್ಣ ಶುದ್ಧ. ತಿದ್ದಬೇಕಾಗಿರೋದು ‘ಹಣ–ದನ’ ಒಂದೇ, ಅಲ್ಲಿ ಣಕಾರ ನಕಾರ ಬೆರೆತುಹೋಗಿವೆ.

ಲಘುಗುರು (ಮೈಸೂರು)

ಕಿಟ್ಟಿಯವರು ಹೇಳಿದ ಲಕ್ಷಣದಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ಆ ಲಕ್ಷಣ ಸಾಲಿನ ಮೊದಲಲ್ಲಿ, ಎರಡನೇ ಅಕ್ಷರಕ್ಕೆ ಹೇಳಿದ್ದು. ನಮ್ಮ ಮುಂದಿರುವುದು ಸಾಲಿನ ಕೊನೆ. ‘ಊರು’, ‘ಬೇರು’ ಎರಡಕ್ಷರದ ಪದಗಳಾದ್ದರಿಂದ ಎರಡನೇ ಅಕ್ಷರವೇ ಕೊನೆಯ ಅಕ್ಷರವೂ ಆಗಿದೆ. ಆದಿಪ್ರಾಸದ ನಿಯಮ ಇಲ್ಲಿಗೂ ಸಲ್ಲುತ್ತದೆ ಅನ್ನಿಸುವುದು ಅದರಿಂದಲೇ.

ಸಾಲಿನ ಮೊದಲಲ್ಲಿ ‘ನಾಲೆಯ’, ‘ಮೇಲಿನ’, ‘ಕೋಲನು’ ಅಂತ ಬಂದರೆ ಲಕಾರದ ಹಿಂದೆಯೂ ಮುಂದೆಯೂ ಸ್ವರಗಳು ಬದಲಾಗುತ್ತಾ ಹೋಗುತ್ತವೆ. ಉಸಿರು ಎಲ್ಲೂ ನಿಲ್ಲುವುದಿಲ್ಲ. ಬದಲಾಗದೆ ಉಳಿಯುವುದು ಆ ಲಕಾರ ಒಂದೇ, ಹಾಗಾಗಿ ಕಿವಿ ಅದನ್ನೇ ಹಿಡಿಯುತ್ತದೆ. ಸಾಲಿನ ಕೊನೆಯಲ್ಲಿ ಉಸಿರು ನಿಲ್ಲುತ್ತದೆ. ಕೊನೆಯ ಸ್ವರ, ಅದರ ಹಿಂದಿನ ವ್ಯಂಜನ, ಅದರ ಹಿಂದಿನ ಸ್ವರ ಮೂರೂ ಒಂದು ಗುಚ್ಛವಾಗಿ ಕಿವಿಯಲ್ಲಿ ಉಳಿಯುತ್ತವೆ. ಮುಂದಿನ ಜೋಡಿ ಬರುವ ಹೊತ್ತಿಗೆ ಕಿವಿ ಆ ಗುಚ್ಛವನ್ನೇ ಕಾಯುತ್ತಾ ಇರುತ್ತದೆ.

ಮೇಡಂ ಕ್ರಮ ಕೇಳಿದ್ದಾರೆ. ಬರೆದ ಹಾಳೆ ಮಡಚಿಟ್ಟು ಪದ್ಯವನ್ನು ಒಂದು ಸಲ ಗಟ್ಟಿಯಾಗಿ ಓದಿಸಿ, ಪ್ರತಿ ಸಾಲಿನ ಕೊನೆಯ ಪದವನ್ನು ಮಾತ್ರ ಗುರುತು ಹಾಕಿಕೊಳ್ಳಿ. ಜೋಡಿಯ ಎರಡೂ ಪದವನ್ನು ಬಲದಿಂದ ಎಡಕ್ಕೆ ನೋಡುತ್ತಾ ಬನ್ನಿ. ‘ಮಳೆ–ಕಳೆ’ ತೆಗೆದುಕೊಳ್ಳಿ. ಕೊನೆಯಲ್ಲಿ ಎಕಾರ, ಎರಡಕ್ಕೂ ಒಂದೇ. ಅದರ ಹಿಂದೆ ಳಕಾರ, ಒಂದೇ. ಅದರ ಹಿಂದೆ ಅಕಾರ, ಒಂದೇ. ಅದಕ್ಕೂ ಹಿಂದೆ ಮಕಾರ, ಕಕಾರ. ಇಲ್ಲಿ ಬೇರೆ ಆಯಿತು, ಆಗಲೇಬೇಕು, ಇಲ್ಲದಿದ್ದರೆ ಅದು ಅದೇ ಪದವಾಗಿಬಿಡುತ್ತದೆ. ಮೂರು ಮೆಟ್ಟಿಲು ಕೂಡಿ ನಾಲ್ಕನೆಯದು ಬೇರೆಯಾದರೆ ಪೂರ್ಣಪ್ರಾಸ. ‘ಹಾಲು–ಕಾಲು’ ಕೂಡ ಹಾಗೇ ಇಳಿಯುತ್ತದೆ.

ಈಗ ‘ಊರು–ಬೇರು’. ಉಕಾರ ಕೂಡಿತು, ರಕಾರ ಕೂಡಿತು, ಮೂರನೇ ಮೆಟ್ಟಿಲಲ್ಲಿ ಒಂದು ಕಡೆ ಊ, ಇನ್ನೊಂದು ಕಡೆ ಏ. ಅರೆಪ್ರಾಸ. ‘ಮಗ–ಮೊಗ’ ಇನ್ನೂ ವಿಚಿತ್ರ. ಕೊನೆಯ ಎರಡು ಕೂಡಿ, ಮೂರನೆಯದು ಜಾರಿ, ನಾಲ್ಕನೇ ಮೆಟ್ಟಿಲಲ್ಲಿ ಬೇರೆಯಾಗಬೇಕಿದ್ದ ಮಕಾರ ಮತ್ತೆ ಒಂದೇ ಆಗಿಬಿಡುತ್ತದೆ. ಪದದ ಎಲುಬು ಪೂರ್ತಿ ಒಂದೇ, ಒಳಗಿನ ಒಂದು ಸ್ವರ ಮಾತ್ರ ಬೇರೆ. ‘ಹಣ–ದನ’ದಲ್ಲಿ ಎರಡೂ ಸ್ವರ ಕೂಡಿ ನಡುವಿನ ವ್ಯಂಜನ ಜಾರಿದೆ. ಅಂದರೆ ಇಲ್ಲಿ ಮೂರು ಅರೆಪ್ರಾಸ ಇವೆ, ಎರಡು ಜಾತಿಯವು.

ಮದ್ದೂರು ಮಂಜುಳ

ಸರ್, ನಾನು ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳ ಹಾಡು ಬರೀತೀನಿ. ಎಲ್ಲ ಸಾಲೂ ‘ಬಂದನು, ನೋಡಿದನು, ಹಾಡಿದನು, ಓಡಿದನು’ ಅಂತ ಮುಗಿಸ್ತೀನಿ. ನೀವು ಹೇಳಿದ ಹಾಗೆ ನೋಡಿದರೆ ಉ, ನ್, ಅ ಮೂರೂ ಕೂಡುತ್ತೆ. ಹಾಗಾದ್ರೆ ನಂದು ಎಲ್ಲ ಪೂರ್ಣಪ್ರಾಸ ಆಯ್ತಲ್ಲ? ಆದ್ರೂ ಯಾಕೋ ಓದಿದಾಗ ಸಪ್ಪೆ ಅನ್ಸುತ್ತೆ.

ಲಘುಗುರು

ಮಂಜುಳ ಅವರೇ, ಒಂದು ಹೆಜ್ಜೆ ಹೇಳುವುದು ಬಿಟ್ಟುಹೋಗಿತ್ತು, ನೀವು ನೆನಪಿಸಿದಿರಿ. ಮೆಟ್ಟಿಲು ಇಳಿಯುವ ಮುಂಚೆ ಪ್ರತ್ಯಯ ಕತ್ತರಿಸಬೇಕು. ಕನ್ನಡದಲ್ಲಿ ಬಹಳಷ್ಟು ಕ್ರಿಯಾಪದಗಳು ಅನು, ಅಳು, ಅರು, ಇತು ಅಂತ ಮುಗಿಯುತ್ತವೆ, ನಾಮಪದಗಳು ಗಳು, ಅಲ್ಲಿ, ಇಗೆ, ಇಂದ ಅಂತ. ಈ ಬಾಲ ಭಾಷೆಯೇ ಪುಕ್ಕಟೆ ಕೊಡುವುದು, ಯಾರು ಬರೆದರೂ ಸಿಗುತ್ತದೆ. ಹಾಗಾಗಿ ಕಿವಿ ಅದನ್ನು ಪ್ರಾಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮಗೆ ಸಪ್ಪೆ ಅನ್ನಿಸುವುದು ಅದೇ.

ಬಾಲ ಕತ್ತರಿಸಿ ಉಳಿದದ್ದನ್ನು ಹೊಂದಿಸಿ ನೋಡಿ. ‘ಬಂದಳು–ತಂದಳು’: ಉಳಿದದ್ದು ಬಂದ್, ತಂದ್. ಅದೂ ಕೂಡಿತು, ಗಟ್ಟಿ ಪ್ರಾಸ. ‘ಬಂದಳು–ನಿಂದಳು’: ಬಂದ್, ನಿಂದ್. ಸ್ವರ ಜಾರಿತು, ಅರೆ. ‘ಬಂದಳು–ನೋಡಿದಳು’: ಉಳಿದದ್ದರಲ್ಲಿ ಏನೂ ಕೂಡಲಿಲ್ಲ, ಬರೀ ಬಾಲ. ನಿಮ್ಮ ಪಟ್ಟಿಯಲ್ಲಿ ‘ಹಾಡಿದನು–ಓಡಿದನು’ಗೆ ಬಾಲ ತೆಗೆದ ಮೇಲೂ ಡಕಾರ ಉಳಿಯುತ್ತದೆ. ‘ಹಾಡಿದನು’ ಪಕ್ಕಕ್ಕೆ ‘ಆಡಿದನು’, ‘ಮಾಡಿದನು’ ತಂದರೆ ಪೂರ್ಣವೇ ಆಗುತ್ತದೆ.

ಸಂಜೆಮಲ್ಲಿಗೆಯವರು ಹಾಕಿದ ಪದ್ಯದಲ್ಲಿ ಹನ್ನೆರಡಕ್ಕೆ ಹನ್ನೆರಡು ಸಾಲೂ ಪ್ರತ್ಯಯವಿಲ್ಲದ ನಾಮಪದದಲ್ಲಿ ನಿಂತಿವೆ. ಬರೆದವರು ಬಾಲದ ಆಸರೆ ತೆಗೆದುಕೊಂಡೇ ಇಲ್ಲ. ಮಾತ್ರೆಯನ್ನೂ ಎಣಿಸಿದೆ. ಮೂರು ಮಾತ್ರೆಯ ಗಣ, ಬೆಸ ಸಾಲಿಗೆ 11, ಸಮ ಸಾಲಿಗೆ 12, ಒಂದು ಕಡೆಯೂ ಹೆಚ್ಚುಕಮ್ಮಿ ಇಲ್ಲ. ಇಷ್ಟು ಜೋಪಾನವಾಗಿ ಬರೆದವರು ಪ್ರಾಸದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು ಅಂತ ನನಗೆ ಸುಲಭಕ್ಕೆ ನಂಬಲು ಆಗುವುದಿಲ್ಲ.

ಸರಸ್ವತಿಪುರಂ ಓದುಗ

ಇಂಗ್ಲಿಷ್ ಪಾಠ ಮಾಡುವವನು ನಾನು, ಅಲ್ಲಿನ ಒಂದು ಮಾತು ಇಲ್ಲಿಗೆ ಉಪಯೋಗಕ್ಕೆ ಬರುತ್ತದೆ. ‘ಮಗ–ಮೊಗ’ ಥರದ್ದನ್ನು ಮೊದಲನೇ ಮಹಾಯುದ್ಧದ ಕವಿ ವಿಲ್ಫ್ರೆಡ್ ಓವೆನ್ ಬಹಳ ಬೇಕಂತಲೇ ಬಳಸಿದ. ಹಿಂದೆ ಮುಂದೆ ವ್ಯಂಜನಗಳೆಲ್ಲ ಒಂದೇ, ಒಳಗಿನ ಸ್ವರ ಮಾತ್ರ ಬೇರೆ. ‘ಗ್ರೋಯ್ನ್ಡ್–ಗ್ರೋನ್ಡ್’, ‘ಹಾಲ್–ಹೆಲ್’ ಅಂಥವು. ಓದುವಾಗ ಪ್ರಾಸ ಇನ್ನೇನು ಕೂಡಿತು ಅನ್ನುವಷ್ಟರಲ್ಲಿ ಕೈ ತಪ್ಪಿದ ಹಾಗೆ ಆಗುತ್ತದೆ, ಈ ಜೋಡಿಗಳಿರುವ ಪದ್ಯದಲ್ಲಿ ಸತ್ತ ಸೈನಿಕರು ಆಡಿಕೊಳ್ಳುವ ಮಾತಿಗೆ ಅದು ಸರಿಹೊಂದುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಇಂಗ್ಲಿಷಿನಲ್ಲಿ ಪದದ ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಕೂಡಬೇಕು ಅನ್ನುವುದು ಅಳತೆ. ಕನ್ನಡದಲ್ಲಿ ಹಾಗೆ ಒತ್ತು ಬೀಳುವುದಿಲ್ಲ, ಆದ್ದರಿಂದ ಆ ಅಳತೆಯನ್ನು ಎತ್ತಿ ಇಲ್ಲಿ ಇಡಲು ಬರುವುದಿಲ್ಲ. ಇನ್ನೊಂದು, ಅಲ್ಲಿ ಅಕ್ಷರ ನೋಡಿ ಮೋಸ ಹೋಗುವುದು ಜಾಸ್ತಿ. ‘ಲವ್’, ‘ಮೂವ್’ ಎರಡರ ಕೊನೆಯ ಕಾಗುಣಿತ ಒಂದೇ, ಉಚ್ಚಾರ ಬೇರೆ. ‘ಬರ್ಡ್’, ‘ವರ್ಡ್’, ‘ಹರ್ಡ್’ ಕಾಗುಣಿತ ಮೂರು ಥರ, ಪ್ರಾಸ ಮಾತ್ರ ಪೂರ್ಣ. ಕನ್ನಡದಲ್ಲಿ ಬರೆದ ಹಾಗೇ ಓದುವುದರಿಂದ ಈ ತೊಂದರೆ ಇಲ್ಲ ಅಂದುಕೊಂಡಿದ್ದೇನೆ.

ತೊಣ್ಣೂರು ಕಿಟ್ಟಿ

ಲಘುಗುರು ಮೇಷ್ಟ್ರೇ, ಆದಿ ಬೇರೆ ಅಂತ್ಯ ಬೇರೆ ಅನ್ನೋದು ಒಪ್ಪಿದೆ. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಆದರೆ ಓದುಗರು ಹೇಳಿದ ಕೊನೇ ಮಾತಿಗೆ ಒಂದು ಸೇರಿಸಬೇಕು. ‘ಮಳೆ–ಕಳೆ’ಯನ್ನ ಎಲ್ಲರೂ ಗಟ್ಟಿ ಪ್ರಾಸ ಅಂತ ಬಿಟ್ಟುಬಿಟ್ಟಿರಿ. ಹಳಗನ್ನಡದಲ್ಲಿ ಸುರಿಯೋ ಮಳೆ ‘ಮೞೆ’, ಅದರಲ್ಲಿರೋದು ೞಕಾರ. ಕೀಳೋ ಕಳೆಯಲ್ಲಿರೋದು ಬರೀ ಳಕಾರ. ತಮಿಳಿನಲ್ಲಿ ಈಗಲೂ ಎರಡಕ್ಕೂ ಬೇರೆ ಬೇರೆ ಅಕ್ಷರ ಇದೆ. ಪಂಪನ ಕಾಲದ ಕಿವಿಗೆ ಈ ಜೋಡಿ ಕೂಡುತ್ತಾ ಇರಲಿಲ್ಲ. ಆಮೇಲೆ ೞ ಹೋಗಿ ಳ ಉಳೀತು, ಪ್ರಾಸ ತಾನಾಗೇ ಪೂರ್ಣ ಆಯ್ತು. ಅಂದ ಮೇಲೆ ಪೂರ್ಣ, ಅರೆ ಅನ್ನೋದು ಪದದೊಳಗೆ ಇರೋದಲ್ಲ, ಆಯಾ ಕಾಲದ ಬಾಯಲ್ಲಿ ಇರೋದು.

ಲಘುಗುರು

ಕಿಟ್ಟಿಯವರೇ, ಬಹಳ ಒಳ್ಳೆಯ ಮಾತು. ಉಳಿದ ಜೋಡಿಗಳನ್ನೂ ಹಾಗೆ ಹಳೆಯ ರೂಪಕ್ಕೆ ಇಟ್ಟು ನೋಡಿದೆ. ಊರ್, ಬೇರ್ ಎರಡರಲ್ಲೂ ಒಂದೇ ರಕಾರ. ಪಾಲ್, ಕಾಲ್ ಎರಡರಲ್ಲೂ ಲಕಾರ. ಅವುಗಳಿಗೆ ಕಾಲದಿಂದ ವ್ಯತ್ಯಾಸ ಬರುವುದಿಲ್ಲ. ಈ ಪದ್ಯವನ್ನು ಇಂದಿನ ಬಾಯಲ್ಲಿ ಓದುವುದರಿಂದ ‘ಮಳೆ–ಕಳೆ’ ಪೂರ್ಣ ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ.

ಮೇಡಂ ಕೇಳಿದ ಎರಡನೇ ಪ್ರಶ್ನೆಗೆ ಬರುತ್ತೇನೆ. ಪ್ರಾಸಕ್ಕೆ ಒಂದೊಂದು ಅಕ್ಷರ ಕೊಡಿ, ಅರೆ ಕೂಡಿದ್ದಕ್ಕೆ ನಕ್ಷತ್ರ ಹಾಕಿ. ಮೊದಲ ಭಾಗ ಕ ಖ ಕ ಖ. ಎರಡನೆಯದು ಗ ಘ ಗ* ಘ*. ಮೂರನೆಯದು ಚ ಖ ಚ* ಖ. ಮೂರನೇ ಭಾಗಕ್ಕೆ ಛ ಅಂತ ಹೊಸ ಅಕ್ಷರ ಹಾಕಿ ಮುಂದೆ ಹೋಗುವವರು ಬಹಳ ಜನ. ಹಾಗೆ ಮಾಡಿದರೆ ಇಡೀ ಪದ್ಯದ ಮುಖ್ಯ ಸಂಗತಿಯೇ ಕಣ್ತಪ್ಪುತ್ತದೆ. ಪ್ರತಿ ಹೊಸ ಧ್ವನಿ ಬಂದಾಗಲೂ ಮೇಲೆ ಎಲ್ಲಾದರೂ ಕೇಳಿದ್ದೇವಾ ಅಂತ ಹಿಂತಿರುಗಿ ನೋಡಬೇಕು. ಇಲ್ಲಿ ಖ ಮತ್ತೆ ಬಂದಿದೆ, ‘ಹಾಲು’ ಅನ್ನುವ ಅದೇ ಪದದೊಂದಿಗೆ.

ಮೊದಲ ಭಾಗದ ಜೋಡಿಗಳು ಒಂದಕ್ಕೊಂದು ಹೇಗೆ ಸಂಬಂಧ ಅಂತ ನೋಡಿ. ಮಳೆ ಬಿದ್ದರೆ ಕಳೆ ಏಳುತ್ತದೆ, ಒಂದರಿಂದ ಇನ್ನೊಂದು. ಅವ್ವ ಕರೆದ ಹಾಲು, ಅದನ್ನು ಕುಡಿದ ಮಗನ ಕಾಲು ಅದೇ ಗದ್ದೆಯ ಕೆಸರಲ್ಲಿ. ಅರ್ಥದಲ್ಲಿ ಒಂದಕ್ಕೊಂದು ಅಂಟಿಕೊಂಡ ವಸ್ತುಗಳು ಧ್ವನಿಯಲ್ಲೂ ಅಂಟಿಕೊಂಡಿವೆ.

ಮಗ ಬಸ್ಸು ಹತ್ತಿದ ಸಾಲಿನಿಂದ ಪ್ರಾಸ ಜಾರಲು ಶುರುವಾಗುತ್ತದೆ. ಇಲ್ಲಿ ಒಂದು ಪರೀಕ್ಷೆ ಮಾಡಿ ನೋಡಬೇಕು. ಕವಿಗೆ ಪೂರ್ಣಪ್ರಾಸ ಸಿಗದೆ ಹೋಯಿತೋ, ಸಿಕ್ಕರೂ ಬೇಡ ಅಂದರೋ? ‘ಮಗ’ಕ್ಕೆ ‘ಜಗ’ ಇದೆ. ‘ಊರು’ಗೆ ‘ಸೂರು’, ‘ನೂರು’, ‘ಚೂರು’ ಇವೆ. ಅದೇ ಮಾತ್ರೆಯಲ್ಲಿ ಪೂರ್ಣಪ್ರಾಸ ಹಾಕಿ ತಿದ್ದಿದೆ:

ಬಸ್ಸು ಹತ್ತಿ ಹೊರಟ ಮಗ
ಹಿಂದೆ ಉಳಿದ ಸಣ್ಣ ಊರು
ಕಿಟಕಿಯಾಚೆ ಓಡೊ ಜಗ
ಸೋರುತಿರುವ ಮನೆಯ ಸೂರು

ಪ್ರಾಸ ಕೂಡಿತು, ಮಾತ್ರೆಯೂ ಕೂಡಿತು. ಆದರೆ ಹೋಗುವ ಹೊತ್ತಿನ ಎಳೆತ ಹೊರಟುಹೋಯಿತು. ಮಗ ಆರಾಮಾಗಿ ಜಗತ್ತಿನೊಂದಿಗೆ ಕೂಡಿಕೊಂಡುಬಿಟ್ಟ. ಮೂಲದಲ್ಲಿ ‘ಮಗ’ನ ಜೊತೆಗೆ ಬರುವುದು ಅವ್ವನ ‘ಮೊಗ’. ಎಲುಬು ಒಂದೇ, ತಾಯಿ ಮಗನಿಗೆ ಇರುವ ಹಾಗೆ. ನಡುವೆ ಒಂದು ಸ್ವರದಷ್ಟು ಅಂತರ ಬಿದ್ದಿದೆ, ಬಸ್ಸಿನ ಕಿಟಕಿಯಷ್ಟು. ‘ಊರು’ ಜೊತೆಗೆ ‘ಬೇರು’ ಬಂದಿದೆ. ಊರೇ ನಮ್ಮ ಬೇರು ಅಂತ ಎಲ್ಲರೂ ಹೇಳುವ ಮಾತು, ಪ್ರಾಸ ಮಾತ್ರ ಅದನ್ನು ಪೂರ್ತಿ ಒಪ್ಪುತ್ತಿಲ್ಲ.

ಮೂರನೇ ಭಾಗದ ಸಮ ಸಾಲುಗಳಲ್ಲಿ ಪೂರ್ಣಪ್ರಾಸ ಮತ್ತೆ ಬಂತು. ಎಲ್ಲ ಸರಿಹೋಯಿತು ಅಂತ ಇಲ್ಲಿ ಓದಿಬಿಡುವ ಅಪಾಯ ಇದೆ. ಹತ್ತನೇ ಸಾಲಲ್ಲಿ ‘ಹಾಲು’ ಕೇಳಿದ ಕೂಡಲೇ ಕಿವಿ ಮೊದಲ ಭಾಗವನ್ನು ನೆನೆದು ‘ಕಾಲು’ ಬರುತ್ತದೆ ಅಂತ ಕಾಯುತ್ತದೆ. ಬರುವುದು ‘ಸಾಲು’, ಅದೂ ನಾಟಿ ಇಲ್ಲದ ಗದ್ದೆ ಸಾಲು. ಪ್ರಾಸ ಪೂರ್ಣವಾಗಿದೆ, ಕೆಸರಲ್ಲಿ ಇರಬೇಕಾದ ಮಗನ ಕಾಲು ಇಲ್ಲ. ಕಾಲಿಲ್ಲದ್ದರಿಂದಲೇ ನಾಟಿ ಇಲ್ಲ. ‘ಹೋದ’, ‘ಇರದ’ ಅಂತ ಪದಗಳು ಹೇಳುವುದಕ್ಕಿಂತ ಹೆಚ್ಚಾಗಿ ಆ ಬಾರದ ಪ್ರಾಸಪದವೇ ಹೇಳುತ್ತಿದೆ ಅಂತ ನನ್ನ ಓದು.

ಗೆಜ್ಜಲಗೆರೆ ಗಿರೀಶ

ಒಂದು ಅನುಮಾನ ಅಣ್ಣ. ‘ಜೋಡಿ ದನ’ ಮಾರಿದ ಮೇಲೆ ಕಾದು ಆರಿಹೋದ ಹಾಲು ಎಲ್ಲಿಂದ ಬಂತು? ಮೊದಲು ಇದನ್ನ ಸರಿ ಮಾಡಬೇಕು ಅನ್ಸುತ್ತೆ. ಪ್ರಾಸ ಆಮೇಲೆ.

ಸಂಜೆಮಲ್ಲಿಗೆ

ಗಿರೀಶ್, ಜೋಡಿ ಅಂದರೆ ಉಳುವ ಜೋಡೆತ್ತು ಅಂತ ಬರೆದವರು ಹೇಳಿದ್ದಾರೆ, ಹಸು ಮನೆಯಲ್ಲೇ ಇದೆಯಂತೆ. ಸಾಲುಗಳ ಕ್ರಮವೂ ಘಟನೆಯ ಕ್ರಮ ಅಲ್ಲ.

ಆದರೆ ನೀವು ‘ದನ’ದ ಹತ್ತಿರ ನಿಲ್ಲಿಸಿದ್ದು ಒಳ್ಳೆಯದಾಯಿತು, ‘ಹಣ–ದನ’ದ ಬಗ್ಗೆ ಇನ್ನೂ ಯಾರೂ ಅರ್ಥ ಹೇಳಿಲ್ಲ.

ತೊಣ್ಣೂರು ಕಿಟ್ಟಿ

ಅದು ನಾನು ಹೇಳ್ತೀನಿ ಮೇಡಂ, ಮೊದಲು ತಪ್ಪು ಅಂದವನೂ ನಾನೇ ಅಲ್ಲವೇ. ನಾವು ಹಸು ಎತ್ತಿಗೆ ದನ ಅನ್ನೋದು ಸಂಸ್ಕೃತದ ‘ಧನ’ದಿಂದ ಬಂದ ಮಾತು. ರೈತನಿಗೆ ಸಂಪತ್ತು ಅಂದರೆ ಅದೇ ಆಗಿತ್ತು. ಈಗ ತಿಂಗಳಿಗೊಂದು ಸಲ ಬರೋ ಹಣ ಅದರ ಜಾಗಕ್ಕೆ ಬಂದಿದೆ. ಅರ್ಥದಲ್ಲಿ ಎರಡೂ ಒಂದೇ ಕುಲ, ಧ್ವನಿಯಲ್ಲಿ ಣಕಾರ ನಕಾರದಷ್ಟು ದೂರ. ಮೇಷ್ಟ್ರ ಪರೀಕ್ಷೆ ಹಾಕಿದರೆ ‘ಹಣ’ಕ್ಕೆ ‘ಕಣ’ ಸಿದ್ಧವಾಗಿತ್ತು. ಒಕ್ಕಣೆ ಮಾಡೋ ಕಣ, ಈ ಪದ್ಯಕ್ಕೆ ಹೇಳಿ ಮಾಡಿಸಿದ ಪದ. ‘ಹುಲ್ಲು ಬೆಳೆದ ಹಳೆಯ ಕಣ’ ಅಂತ ಹಾಕಿದ್ದರೆ ಮಾತ್ರೆಯೂ ಕೂಡುತ್ತಿತ್ತು, ಮುಗಿದುಹೋಗುತ್ತಿತ್ತು. ಅದನ್ನ ಬಿಟ್ಟು ‘ದನ’ಕ್ಕೆ ಹೋಗಿದ್ದಾರೆ.

ಕಾಲುವೆ ದಂಡೆ (ಮಂಡ್ಯ)

ನೀವೆಲ್ಲ ಚೆನ್ನಾಗಿ ಓದಿದ್ದೀರಿ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅರೆಪ್ರಾಸ ಕಂಡ ಕಡೆಯೆಲ್ಲ ಬೇಕಂತಲೇ ಮಾಡಿದ್ದು ಅಂತ ಹೇಳಲು ಹೊರಟರೆ ಯಾವ ತಪ್ಪನ್ನೂ ತಪ್ಪು ಅನ್ನಲು ಬರುವುದಿಲ್ಲ.

‘ಮೊಗ’ ನೋಡಿ. ಅವ್ವ, ಕಳೆ, ನಾಟಿ, ಗರಿಕೆ ಎಲ್ಲ ನಮ್ಮ ಹೊಲದ ಮಾತು. ‘ಮೊಗ’ ನಮ್ಮ ಮಾತಲ್ಲ, ಪುಸ್ತಕದ್ದು. ಮಂಡ್ಯ ಕಡೆ ಬಾಯಲ್ಲಿ ಅದು ‘ಮಕ’ ಅಥವಾ ‘ಮೊಕ’. ಉಳಿದ ಎಲ್ಲ ಕಡೆ ನೆಲದ ಮಾತಿಗೆ ನಿಂತವರು ಇಲ್ಲಿ ಒಂದೇ ಕಡೆ ಪುಸ್ತಕದ ಪದಕ್ಕೆ ಕೈ ಹಾಕಿದ್ದಾರೆ ಅಂದರೆ, ಗಕಾರ ಬೇಕಾಗಿತ್ತು, ಅದಕ್ಕೆ ಹಾಕಿದರು ಅಂತ ನನಗೆ ಕಾಣುತ್ತದೆ. ಪ್ರಾಸಕ್ಕೆ ಪದ ಎಳೆದು ತಂದಾಗ ಆಗುವುದೇ ಹೀಗೆ, ಪಕ್ಕದ ಪದಗಳ ನಡುವೆ ಅದು ಹೊರಗಿನದಾಗಿ ನಿಲ್ಲುತ್ತದೆ. ಎಳೆದು ತಂದೂ ಪ್ರಾಸ ಪೂರ್ಣ ಆಗಲಿಲ್ಲ.

ಲಘುಗುರು

‘ಮೊಗ’ದ ವಿಷಯ ನೀವು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅದು ಆ ಪದ್ಯದಲ್ಲಿ ಬೇರೆ ಊರಿನ ಪದ, ನಿಜ. ಹಾಗಾದರೆ ‘ಮಕ’ ಅಂತಲೇ ಇಟ್ಟು ನೋಡೋಣ: ‘ಕಿಟಕಿಯಾಚೆ ಅವಳ ಮಕ’. ಈಗ ‘ಮಗ–ಮಕ’. ಸ್ವರ ಎರಡೂ ಕೂಡಿದವು, ಗಕಾರ ಕಕಾರವಾಯಿತು. ಎರಡೂ ಬಾಯಿಯ ಒಂದೇ ಜಾಗದಿಂದ ಹೊರಡುವ ಅಕ್ಷರ. ಅರೆಪ್ರಾಸವಾಗಿಯೇ ಉಳಿಯಿತು, ಜಾತಿ ಮಾತ್ರ ‘ಹಣ–ದನ’ದ್ದಾಯಿತು. ತಾಯಿ ಮಗನ ಹತ್ತಿರ ಹಾಗೇ ಉಳಿದು, ಪದವೂ ನೆಲದ್ದಾಯಿತು. ಬರೆದವರು ಒಪ್ಪಿದರೆ ನನಗೆ ಇದೇ ಹೆಚ್ಚು ಇಷ್ಟ.

ಎಲ್ಲ ಅರೆಪ್ರಾಸಕ್ಕೂ ಅರ್ಥ ಕಟ್ಟಬಾರದು ಅನ್ನುವುದೂ ಸರಿಯೇ. ನಾನು ಮೂರು ಕಡೆ ನೋಡಿ ನಂಬುತ್ತೇನೆ. ಪದ್ಯ ಮೊದಲು ಪೂರ್ಣಪ್ರಾಸ ಕೊಟ್ಟು ಕಿವಿಗೆ ಅಭ್ಯಾಸ ಮಾಡಿಸಿರಬೇಕು. ಮೊದಲ ಸಾಲಿನಿಂದಲೇ ಅರೆಪ್ರಾಸದಲ್ಲಿ ನಡೆಯುವ ಪದ್ಯದಲ್ಲಿ ಅರೆಯೇ ವಾಡಿಕೆ, ಅಲ್ಲಿ ಜಾರಿದ್ದಕ್ಕೆ ವಿಶೇಷ ಅರ್ಥ ಇಲ್ಲ. ಎರಡನೆಯದು, ಪ್ರಾಸ ಜಾರುವ ಜಾಗದಲ್ಲೇ ಕಥೆಯೂ ತಿರುಗಬೇಕು. ಮೂರನೆಯದು, ಪೂರ್ಣಪ್ರಾಸದ ಪದ ಕೈಗೆ ಸಿಗುವಂತಿದ್ದೂ ಬಿಟ್ಟಿರಬೇಕು. ‘ಊರು–ಬೇರು’ ಮೂರರಲ್ಲೂ ನಿಲ್ಲುತ್ತದೆ. ‘ಹಣ–ದನ’ ಎರಡನೆಯದರಲ್ಲಿ ಅಷ್ಟು ಗಟ್ಟಿಯಿಲ್ಲ, ಅಲ್ಲಿ ಹೊಸ ತಿರುವು ಏನಿಲ್ಲ. ‘ಧನ’ದ ಮೂಲ ಕಿಟ್ಟಿಯವರಿಗೆ ಗೊತ್ತು, ಕೇಳುವವರ ಕಿವಿಗೆ ಗೊತ್ತೋ ಇಲ್ಲವೋ.

ತಂಬೂರಿ (ಶ್ರೀರಂಗಪಟ್ಟಣ)

ಹಾಡೋರ ಕಡೆಯಿಂದ ಒಂದು ಮಾತು. ಇದು ಮೂರರ ನಡಿಗೆ, ರೂಪಕ ತಾಳಕ್ಕೆ ಚೆನ್ನಾಗಿ ಕೂರುತ್ತೆ. ಬೆಸ ಸಾಲಲ್ಲಿ ಕೊನೇ ಗಣಕ್ಕೆ ಒಂದು ಮಾತ್ರೆ ಕಮ್ಮಿ ಇರೋದರಿಂದ ಹಾಡುವಾಗ ಕೊನೇ ಸ್ವರ ಎಳೀತೀವಿ. ‘ಹಣಾ’, ‘ದನಾ’, ‘ಮಗಾ’. ಹಾಗೆ ಎಳೆದಾಗ ಕೇಳೋರಿಗೆ ಉಳಿಯೋದು ಆ ಆಕಾರ. ಣ ಬಂತೋ ನ ಬಂತೋ ಗೊತ್ತೇ ಆಗೋದಿಲ್ಲ, ‘ಹಣ–ದನ’ ಹಾಡಿನಲ್ಲಿ ಪೂರ್ಣಪ್ರಾಸನೇ. ‘ಊರು–ಬೇರು’ಗೆ ಹಾಗಾಗಲ್ಲ. ಅಲ್ಲಿ ದೀರ್ಘ ಇರೋದೇ ಬೇರೆಯಾಗಿರೋ ಸ್ವರದ ಮೇಲೆ, ಎಳೆದಷ್ಟೂ ವ್ಯತ್ಯಾಸ ದೊಡ್ಡದಾಗಿ ಕೇಳುತ್ತೆ. ನೀವು ಎರಡಕ್ಕೂ ಒಂದೇ ನಕ್ಷತ್ರ ಹಾಕಿದ್ದೀರಿ, ನನ್ನ ಕಿವಿಗೆ ಅವು ಸಮ ಅಲ್ಲ.

ಕಾಲುವೆ ದಂಡೆ

ತಂಬೂರಿಯವರ ಮಾತು ನನಗೆ ಹಿಡಿಸಿತು. ‘ಊರು–ಬೇರು’ ಬಗ್ಗೆ ನಾನು ಸೋಲೊಪ್ಪಿದೆ, ಅದು ಬೇಕಂತಲೇ ಬಂದದ್ದು. ಗರಿಕೆ ಕಿತ್ತವರಿಗೆ ಗೊತ್ತು, ಮೇಲಿಂದ ಎಳೆದರೆ ಎಲೆ ಕೈಗೆ ಬರುತ್ತದೆ, ಬೇರು ಮಣ್ಣಲ್ಲೇ ತುಂಡಾಗಿ ಉಳಿಯುತ್ತದೆ. ಮೊದಲ ಭಾಗದಲ್ಲಿ ಅವ್ವ ಕಳೆ ಕಿತ್ತಳು, ಎರಡನೆಯದರಲ್ಲಿ ಕಳೆಯದೇ ಬೇರು ಉಳಿಯಿತು. ಆ ಜೋಡಿ ‘ಸೂರು’ ಆಗಬಾರದು.

‘ಹಣ–ದನ’ ಮಾತ್ರ ಅರ್ಥಕ್ಕೆ ಬೇಕಾಗಿ ಬಂದ ಪದ, ಪ್ರಾಸಕ್ಕೆ ಯಾರೂ ಯೋಚನೆ ಮಾಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಓದುವಾಗ ನಕ್ಷತ್ರ, ಹಾಡುವಾಗ ಇಲ್ಲ ಅಂದರೆ ಅದರ ಮೇಲೆ ಅಷ್ಟು ಭಾರ ಹೊರಿಸಬಾರದು.

ಮದ್ದೂರು ಮಂಜುಳ

ನಾನು ಪ್ರತ್ಯಯ ಕತ್ತರಿಸಿ ನನ್ನ ಹಾಡು ಮತ್ತೆ ನೋಡಿದೆ ಸರ್. ಹದಿನಾರು ಸಾಲಲ್ಲಿ ನಾಲ್ಕೇ ಉಳಿದವು. ‘ಊರಲ್ಲಿ–ಕೇರಿಯಲ್ಲಿ’ ಅಂತ ಒಂದು ಜೋಡಿ ಇದೆ, ‘ಅಲ್ಲಿ’ ತೆಗೆದರೆ ಊರು, ಕೇರಿ. ರಕಾರ ಇದೆ, ಆದರೆ ಕೊನೇ ಸ್ವರನೇ ಬೇರೆ. ಇದು ಅರೆಪ್ರಾಸಕ್ಕೂ ಬರುತ್ತಾ?

ಲಘುಗುರು

ಬರುವುದಿಲ್ಲ ಅನ್ನುತ್ತೇನೆ. ಕೊನೆಯ ಸ್ವರವೂ ಬೇರೆ, ಹಿಂದಿನ ಸ್ವರವೂ ಬೇರೆ, ಒಂದು ರಕಾರ ಮಾತ್ರ ಸಾಕ್ಷಿಗೆ. ಸಾಲಿನ ಮೊದಲಲ್ಲಿ ಇಟ್ಟರೆ ಅದೇ ಜೋಡಿ ಚೆನ್ನಾಗಿ ಮೊಳಗುತ್ತದೆ, ‘ಊರಿನ ಮಕ್ಕಳು, ಕೇರಿಯ ಮಕ್ಕಳು’ ಅನ್ನಿ ನೋಡಿ. ಕಿಟ್ಟಿಯವರ ಗಜಪ್ರಾಸ ಅಲ್ಲಿ ಕೆಲಸ ಮಾಡುತ್ತದೆ. ಪದವನ್ನು ಬಿಸಾಡಬೇಡಿ, ಜಾಗ ಬದಲಾಯಿಸಿ.

ಸಂಜೆಮಲ್ಲಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಬರೆದವರಿಗೆ ಇಡೀ ಚರ್ಚೆ ಓದಿ ಹೇಳಿದೆ. ‘ಮಕ’ಕ್ಕೆ ಒಪ್ಪಿದರು, ಮೊದಲ ಕರಡಿನಲ್ಲಿ ಹಾಗೇ ಇತ್ತಂತೆ, ಓದುವವರು ತಪ್ಪು ಅಂದುಕೊಳ್ಳುತ್ತಾರೆ ಅಂತ ‘ಮೊಗ’ ಮಾಡಿದ್ದಂತೆ. ‘ಬೇರು’ ಬೇಕಂತಲೇ ಇಟ್ಟದ್ದು ಅಂದರು. ‘ಸಾಲು’ ಬಂದ ಕಡೆ ‘ಕಾಲು’ ಕೇಳಿಸಬೇಕು ಅಂತ ತಾವು ಯೋಚಿಸಿರಲಿಲ್ಲ, ಈಗ ಕೇಳಿಸುತ್ತಿದೆ ಅಂದರು. ‘ಹಣ–ದನ’ದ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಶನಿವಾರದ ಓದಿಗೆ ಅದೊಂದು ಜೋಡಿಗೆ ನಕ್ಷತ್ರ ಹಾಕದೆ, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ ಹಂಚುತ್ತೇನೆ. ತಂಬೂರಿಯವರು ಬಂದು ಹಾಡಿ ತೋರಿಸಿದರೆ ಎರಡೂ ಥರ ಕೇಳಿ ನೋಡಬಹುದು.

ತಂಬೂರಿ

ಬರ್ತೀನಿ ಮೇಡಂ. ಒಂದು ಸಲ ‘ಕಣ’ ಹಾಕಿದ ಸಾಲನ್ನೂ ಹಾಡ್ತೀನಿ, ಯಾವುದು ಅಂತ ಮುಂಚೆ ಹೇಳೋದಿಲ್ಲ.